ಸೊನ್ನೆಯೋ ಒತ್ತಕ್ಷರವೋ: ಸನ್ಮಾನ, ಫ್ರಾನ್ಸ್, ಮುನ್ಸೂಚನೆ

ಪ್ರಶ್ನೆ: ಸಂಘದ ಸ್ಮರಣ ಸಂಚಿಕೆಯ ಕರಡು ನೋಡ್ತಾ ಇದ್ದೀನಿ. ಒಂದೇ ಪುಟದಲ್ಲಿ ಸಂಮಾನ, ಸಮ್ಮಾನ, ಸನ್ಮಾನ ಮೂರೂ ಇವೆ. ಫ್ರಾಂಸ್ ಸರಿಯೋ ಫ್ರಾನ್ಸ್ ಸರಿಯೋ? ಸೊನ್ನೆ ಎಲ್ಲಿ ಹಾಕಬೇಕು, ಎಲ್ಲಿ ಹಾಕಬಾರದು, ಬಲ್ಲವರು ತಿಳಿಸಿ.

ಕರಡು ತಿದ್ದುವವರು: ಸೊನ್ನೆಗೆ ತನ್ನದೇ ದನಿ ಇಲ್ಲ, ಮುಂದಿನ ಅಕ್ಷರ ಹೇಳಿದಂತೆ ಕೇಳುತ್ತದೆ. ಆದ್ದರಿಂದ ಮುಂದೆ ಏನಿದೆ ಅಂತ ಮೊದಲು ನೋಡಿ. "ಮುನ್" ಒಂದನ್ನೇ ಹಿಡಿದುಕೊಂಡರೆ ಸಾಕು. ಮುಂಗಡ, ಮುಂಜಾನೆ, ಮುಂದೆ, ಮುಂಬಾಗಿಲು: ಇಲ್ಲೆಲ್ಲ ಮುಂದಿರುವುದು ಗ, ಜ, ದ, ಬ. ಬಾಯಿ ತಾನಾಗಿಯೇ ಆಯಾ ವರ್ಗದ ಅನುನಾಸಿಕಕ್ಕೆ ತಿರುಗುತ್ತದೆ, ಹಾಗಾಗಿ ಸೊನ್ನೆ. ಮುನ್ನುಡಿ, ಮುನ್ನೋಟದಲ್ಲಿ ಮುಂದಿರುವುದೇ ಅನುನಾಸಿಕ. ಅಲ್ಲಿ ಸೊನ್ನೆ ಬರುವುದಿಲ್ಲ, ಒತ್ತಕ್ಷರವೇ. ಅನ್ನ, ಅಮ್ಮ, ಜನ್ಮ, ಷಣ್ಮುಖ, ವಾಙ್ಮಯ ಎಲ್ಲ ಇದೇ ಸಾಲು. ಇನ್ನು ಮುನ್ಸೂಚನೆ. ಮುಂದೆ ಸ ಇದೆ, ಕಿವಿಗೆ ನಿಜವಾಗಿ "ನ್" ಕೇಳುತ್ತದೆ. "ಮುಂಸೂಚನೆ" ಅಂತ ಬರೆದರೆ ಕನ್ನಡದವರು "ಮುಮ್ಸೂಚನೆ" ಅಂತ ಓದುತ್ತಾರೆ, ಸಂಸಾರ, ಸಿಂಹ ಓದುವ ಹಾಗೆ.

ಫ್ರಾನ್ಸ್, ಲೈಸೆನ್ಸ್‌ಗೆ ನ್ಸ ಬೇಕಾಗಿರುವುದೂ ಇದಕ್ಕೇ. ಹಿಂದಿಯಲ್ಲಿ ಸ ಬರುವ ಮೊದಲಿನ ಸೊನ್ನೆ "ನ್" ಆಗಿ ಕೇಳುವುದರಿಂದ ಅವರು ಫ್ರಾಂಸ್ ಅಂತ ಬರೆಯುತ್ತಾರೆ. ಹಿಂದಿಯಿಂದ ಬಂದ ಜಾಹೀರಾತು, ಫಲಕಗಳ ಮೂಲಕ ಅದು ನಮ್ಮ ಬರಹಕ್ಕೂ ನುಸುಳಿದೆ.

ಸನ್ಮಾನ ಎಂದರೆ ಸತ್ + ಮಾನ, ಮ ಎದುರಾದಾಗ ತ್ ಹೋಗಿ ನ್ ಬಂದಿದೆ. ಸಮ್ಮಾನ ಎಂದರೆ ಸಂ + ಮಾನ. ಎರಡೂ ಸರಿಯಾದ ಬೇರೆ ಬೇರೆ ಪದಗಳು. ಶಾಲು ಹೊದಿಸುವ ಕಾರ್ಯಕ್ರಮಕ್ಕೆ ಕನ್ನಡದಲ್ಲಿ ರೂಢಿಯಾಗಿರುವುದು ಸನ್ಮಾನ. ಸಂಮಾನವನ್ನು ಹೊಡೆದುಹಾಕಿ.

ಸಂಸ್ಕೃತ ಮೇಷ್ಟ್ರು: ಸೊನ್ನೆ ಮುಂದಿನ ಅಕ್ಷರದ ವರ್ಗದ ಅನುನಾಸಿಕವೇ ಆಗಬೇಕು, ಪರಸವರ್ಣ ಅಂತ ಪಾಣಿನಿಯೇ ಹೇಳಿದ್ದಾನೆ. ಅಙ್ಕ, ಪಞ್ಚ, ಸಙ್ಗಮ ಅಂತ ಬರೆಯುವುದೇ ಶುದ್ಧ. ಸೊನ್ನೆ ಬರೀ ಸೋಮಾರಿತನ.

ಕರಡು ತಿದ್ದುವವರು: ಮೇಷ್ಟ್ರೇ, ಸೂತ್ರ ಇರುವುದು ನಿಜ. ಆದರೆ ಅದರ ಮರುಸೂತ್ರವೇ "ವಾ ಪದಾನ್ತಸ್ಯ". ಪದದ ಕೊನೆಯ ಸೊನ್ನೆಗೆ ಅದು ವಿಕಲ್ಪ ಕೊಡುತ್ತದೆ. ಸಂ ಎಂಬ ಉಪಸರ್ಗವೂ ಪದವೇ, ಆದ್ದರಿಂದ ಸಂಗಮ, ಸಙ್ಗಮ ಎರಡೂ ಸಂಸ್ಕೃತದಲ್ಲೇ ಸರಿ. ಕನ್ನಡ ಲಿಪಿಯಲ್ಲಿ ಸಂಸ್ಕೃತ ಶ್ಲೋಕ ಅಚ್ಚು ಹಾಕುವಾಗ ಙ್ಗ, ಞ್ಚ ಇಡಿ, ಚೆನ್ನಾಗಿರುತ್ತದೆ. ಕನ್ನಡ ವಾಕ್ಯದೊಳಗೆ ಪಞ್ಚಾಯ್ತಿ ಅಂತ ಬರೆದರೆ ಓದುವವರು ಎಡವುತ್ತಾರೆ.

ಒಬ್ಬ ಸದಸ್ಯೆ: ನಮ್ಮ ಮಗಳು ಸಂಹಿತಾ. ಆಧಾರ್‌ನಲ್ಲಿ Sanhita ಅಂತ ಬಂದಿದೆ. ಹಾಗಾದರೆ ಕನ್ನಡದಲ್ಲಿ ಸನ್ಹಿತಾ ಅಂತ ತಿದ್ದಿಸಬೇಕಾ?

ಕರಡು ತಿದ್ದುವವರು: ಬೇಡಮ್ಮ. ಕನ್ನಡದಲ್ಲಿ ಸಂಹಿತಾ ಒಂದೇ ರೂಪ. ಇಂಗ್ಲಿಷಿನಲ್ಲಿ Samhita ನಮ್ಮ ಉಚ್ಚಾರಕ್ಕೆ ಹತ್ತಿರ, Sanhita ಹಿಂದಿಯವರ ಉಚ್ಚಾರಕ್ಕೆ.

ಡಿಟಿಪಿ ಮಾಡುವವರು: ಕ ಚ ಟ ತ ಪ ಸಾಲಿನ ಅಕ್ಷರ ಬರುವ ಮೊದಲು ಕಣ್ಣು ಮುಚ್ಚಿ ಸೊನ್ನೆ ಹಾಕಬಹುದು ಅಂತಾಯ್ತಲ್ಲ?

ಕರಡು ತಿದ್ದುವವರು: ಅಲ್ಲೇ ತಪ್ಪಾಗುವುದು. ಕಣ್ಗಾವಲು, ಕಾನ್ಪುರ, ಇನ್‌ಪುಟ್ ನೋಡಿ. ಮುಂದಿನ ಅಕ್ಷರದ ವರ್ಗ ಬೇರೆ, ಬಾಯಲ್ಲಿ ಬರುವ ಅನುನಾಸಿಕ ಬೇರೆ. ಸೊನ್ನೆ ಇಟ್ಟರೆ ಕಾನ್ಪುರ "ಕಾಂಪುರ" ಆಗಿಬಿಡುತ್ತದೆ. ಅದೇ ಕಣ್ + ಕೆಡು ಮಾತ್ರ ಕಂಗೆಡು ಆಗಿದೆ. ಅಲ್ಲಿ ಉಚ್ಚಾರವೇ ಬದಲಾಗಿರುವುದರಿಂದ ಸೊನ್ನೆ ಸರಿ. ಜೋರಾಗಿ ಓದಿ ನೋಡುವುದೇ ಪರೀಕ್ಷೆ.

ಡಿಟಿಪಿ ಮಾಡುವವರು: ಸರಿ, ಒಪ್ಪಿದೆ. ಪ್ರಶ್ನೆ ಕೇಳಿದವರಿಗೆ ಇನ್ನೊಂದು ಮಾತು. ಲೇಖಕರು ಕಳಿಸುವ ಫೈಲಿನಲ್ಲಿ ಸೊನ್ನೆ ಬದಲು ಕನ್ನಡ ಅಂಕಿ ೦ ಒತ್ತಿರುತ್ತಾರೆ. ಕಣ್ಣಿಗೆ ಒಂದೇ ಥರ ಕಾಣುತ್ತದೆ, ಆದರೆ ಸಂಘ ಅಂತ ಹುಡುಕಿದರೆ ಸ೦ಘ ಸಿಗುವುದಿಲ್ಲ. ಲಿಬ್ರೆಆಫೀಸ್‌ನ ಫೈಂಡ್ ಅಂಡ್ ರೀಪ್ಲೇಸ್‌ನಲ್ಲಿ Regular expressions ಗುರುತು ಹಾಕಿ, Find ಜಾಗದಲ್ಲಿ ಇದನ್ನು ಕೊಡಿ:

```
([\u0C85-\u0CCD])\u0CE6
```

Replace ಜಾಗದಲ್ಲಿ:

```
$1ಂ
```

ಅಕ್ಷರವಾದ ಕೂಡಲೇ ಅಂಟಿಕೊಂಡು ಬರುವ ೦ ಮಾತ್ರ ಬದಲಾಗುತ್ತದೆ, ೫೦ರಂಥ ಸಂಖ್ಯೆಗಳು ಹಾಗೇ ಉಳಿಯುತ್ತವೆ. ಮೊದಲು Find All ಒತ್ತಿ ಒಮ್ಮೆ ಕಣ್ಣಾಡಿಸಿ.

ಪ್ರಶ್ನೆ ಕೇಳಿದವರು: ಧನ್ಯವಾದ. ಸನ್ಯಾಸಿ ಹಾಗೇ ಬಿಡಲಾ?

ಕರಡು ತಿದ್ದುವವರು: ಸಂ + ನ್ಯಾಸ, ಎರಡು ನಕಾರ ಬೇಕು. ನಾನು ಸನ್ನ್ಯಾಸಿ ಅಂತಲೇ ತಿದ್ದುತ್ತೇನೆ.

ಸಂಸ್ಕೃತ ಮೇಷ್ಟ್ರು: ಸಂನ್ಯಾಸಿ ಅಂತ ಬರೆದರೂ ತಪ್ಪಲ್ಲ. ನೀವೇ ವಿಕಲ್ಪ ಒಪ್ಪಿದಿರಿ.

ಡಿಟಿಪಿ ಮಾಡುವವರು: ಪತ್ರಿಕೆಗಳಲ್ಲಿ ನಾನು ನೋಡುವುದು ಸನ್ಯಾಸಿ. ಜನ ಅದನ್ನೇ ಹುಡುಕುತ್ತಾರೆ, ನಾನಾದರೆ ಮುಟ್ಟುವುದಿಲ್ಲ.