ಪದಚರ್ಚೆ: ‘ಉಸಿರಾಟದ ಖಿನ್ನತೆ’ ಎಂದರೆ ಓದುವವರಿಗೆ ಏನು ತಿಳಿಯುತ್ತದೆ?

ಎಲ್ಲರಿಗೂ ನಮಸ್ಕಾರ. ಕೊಡೀನ್ ಇರುವ ಕೆಮ್ಮಿನ ಸಿರಪ್ಪಿನ ಮಾಹಿತಿ ಚೀಟಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮದ್ಯದ ಜೊತೆ ತೆಗೆದುಕೊಂಡರೆ ‘ರೆಸ್ಪಿರೇಟರಿ ಡಿಪ್ರೆಶನ್’ ಆಗಿ ಜೀವ ಹೋಗಬಹುದು ಎಂದು ಮೂಲದಲ್ಲಿದೆ. ಹಳೆಯ ಕರಡಿನಲ್ಲಿ ಇದು ‘ಉಸಿರಾಟದ ಖಿನ್ನತೆ’ ಆಗಿತ್ತು. ಅಮ್ಮನಿಗೆ ಓದಿ ಹೇಳಿದೆ. “ಮನಸ್ಸಿಗೆ ಬೇಜಾರಾಗುತ್ತೆ ಅಂತಲಾ?” ಎಂದು ಕೇಳಿದರು. ಅಲ್ಲಿಂದ ನನಗೆ ಸಮಾಧಾನವಿಲ್ಲ. ‘ಉಸಿರುಗಟ್ಟುವುದು’ ಎಂದು ಬರೆಯಲೇ?

ಒಬ್ಬ ಪತ್ರಕರ್ತರು: ‘ಉಸಿರುಗಟ್ಟುವುದು’ ಸರಿಯಾಗಿದೆ, ಎಲ್ಲರಿಗೂ ಗೊತ್ತಿರುವ ಮಾತು. ಸಿರಪ್ಪೂ ಮದ್ಯವೂ ನಿದ್ದೆ ಬರಿಸುತ್ತವೆ. ನಿದ್ದೆಯಲ್ಲಿ ವಾಂತಿಯಾಗಿ ಅದು ಶ್ವಾಸನಾಳಕ್ಕೆ ಹೋಗುತ್ತದೆ, ಅದರಿಂದಲೇ ಸಾವು.

ಅರಿವಳಿಕೆ ವೈದ್ಯರು: ವಾಂತಿಯ ಅಪಾಯ ನಿಜ, ಆದರೆ ಈ ಪದ ಹೇಳುತ್ತಿರುವುದು ಅದನ್ನಲ್ಲ. ಉಸಿರುಗಟ್ಟಿದವನು ಒದ್ದಾಡುತ್ತಾನೆ, ಗಾಳಿಗೆ ಹಾತೊರೆಯುತ್ತಾನೆ. ಇಲ್ಲಿ ಒದ್ದಾಟವೇ ಇರುವುದಿಲ್ಲ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿದಾಗ “ಉಸಿರೆಳೆ” ಎಂದು ಹೇಳುವ ನರಕೋಶಗಳು ಮಿದುಳಿನ ಕಾಂಡದಲ್ಲಿವೆ. ಕೊಡೀನ್ ಯಕೃತ್ತಿನಲ್ಲಿ ಮಾರ್ಫಿನ್ ಆಗಿ ಆ ಕೋಶಗಳನ್ನು ಮಂಕಾಗಿಸುತ್ತದೆ. ಮದ್ಯ ಬೇರೆ ದಾರಿಯಿಂದ ಬಂದು ಅದೇ ಕೋಶಗಳನ್ನು ತಗ್ಗಿಸುತ್ತದೆ, ಎಚ್ಚರಗೊಳ್ಳುವ ಶಕ್ತಿಯನ್ನೂ ಕಸಿಯುತ್ತದೆ. ಗಾಳಿ ಸಾಲುತ್ತಿಲ್ಲ ಎಂಬ ಸಂಕಟವೇ ಹುಟ್ಟದಿದ್ದರೆ ಯಾರು ತಾನೇ ಎದ್ದು ಕೂರುತ್ತಾರೆ?

2017ರಲ್ಲಿ ನೆದರ್‌ಲ್ಯಾಂಡ್ಸ್‌ನ ಸಂಶೋಧಕರು ಆರೋಗ್ಯವಂತರಿಗೆ ಕೊಡೀನ್, ಮಾರ್ಫಿನ್‌ಗಳ ಗುಂಪಿನದೇ ನೋವುಮದ್ದಾದ ಆಕ್ಸಿಕೋಡೋನನ್ನು 20 ಮಿಲಿಗ್ರಾಂ ಕೊಟ್ಟು ನೋಡಿದರು. ನಿಮಿಷಕ್ಕೆ ಉಸಿರಾಡುವ ಗಾಳಿ ಶೇ. 28 ಇಳಿಯಿತು. ಮದ್ಯವೂ ಸೇರಿದಾಗ ಒಟ್ಟು ಇಳಿಕೆ ಶೇ. 47. ಅದು ಒಂದೇ ಮಾತ್ರೆ, ಆಸ್ಪತ್ರೆಯ ಕಣ್ಗಾವಲಿನಲ್ಲಿ.

ಇನ್ನೊಬ್ಬರು: ನನಗೆ ಅಸ್ತಮಾ ಇದೆ. ಹಾಗಾದರೆ ದಮ್ಮು ಇರುವವರು ಮಾತ್ರ ಹುಷಾರಾಗಿರಬೇಕು ಅಂತ ಬರೆಯಿರಿ.

ಅರಿವಳಿಕೆ ವೈದ್ಯರು: ನಿಮ್ಮಂಥವರಿಗೆ ಅಪಾಯ ಹೆಚ್ಚು, ನಿಜ. ಆದರೆ ಶ್ವಾಸಕೋಶ ಗಟ್ಟಿಯಾಗಿರುವವರಿಗೂ ಇದು ಆಗುತ್ತದೆ, ಕೆಡುವುದು ಆಜ್ಞೆ ಕೊಡುವ ಜಾಗ. ‘ದಮ್ಮು’, ‘ಏದುಸಿರು’ ಎಂದು ಬರೆದರೆ ತಪ್ಪು ದಿಕ್ಕಿಗೆ ಹೋದಂತೆ.

ನಿವೃತ್ತ ಶಿಕ್ಷಕಿ: ನನ್ನ ಅಣ್ಣನ ವಿಷಯ ಹೇಳುತ್ತೇನೆ. ಬೆನ್ನಿನ ಶಸ್ತ್ರಚಿಕಿತ್ಸೆಯಾಗಿ ಮಾರ್ಫಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದ. ಒಂದು ಸಂಜೆ ಗೆಳೆಯರ ಜೊತೆ ಕುಡಿದು ಬಂದು ಮಲಗಿದ. ಜೋರು ಗೊರಕೆ. ಪಾಪ, ತುಂಬ ದಿನದ ಮೇಲೆ ಚೆನ್ನಾಗಿ ನಿದ್ದೆ ಬಂದಿದೆ ಎಂದು ಅತ್ತಿಗೆ ಬಾಗಿಲು ಎಳೆದುಕೊಂಡರು. ಸ್ವಲ್ಪ ಹೊತ್ತಿಗೆ ಗೊರಕೆಯ ನಡುವೆ ಮೌನ ಬರತೊಡಗಿತು, ಗಂಟಲಲ್ಲಿ ಗೊರಗೊರ ಸದ್ದು. ಭುಜ ಅಲುಗಾಡಿಸಿದರೂ ಕಣ್ಣು ಬಿಡಲಿಲ್ಲ. ತುಟಿ ನೀಲಿ, ಪಾಪೆ ಸಾಸಿವೆಯಷ್ಟು. ಎಣಿಸಿದರೆ ನಿಮಿಷಕ್ಕೆ ಆರು ಉಸಿರು. ಪಕ್ಕಕ್ಕೆ ಹೊರಳಿಸಿ ಆಂಬ್ಯುಲೆನ್ಸ್ ಕರೆದೆವು. ಮಾರ್ಫಿನ್ನಿನ ಪ್ರಭಾವವನ್ನು ತಡೆಯುವ ನಾಲೊಕ್ಸೋನ್ ಚುಚ್ಚಿದ ಮೇಲೆ ಉಸಿರು ಬಂತು, ಸ್ವಲ್ಪ ಹೊತ್ತಿನಲ್ಲೇ ಮತ್ತೆ ಕುಂದಿತು, ಮತ್ತೆ ಚುಚ್ಚಿದರು. ಅದೇಕೆ ಹಾಗಾಯಿತು ಎಂದು ಇಂದಿಗೂ ಯೋಚಿಸುತ್ತೇನೆ.

ಅರಿವಳಿಕೆ ವೈದ್ಯರು: ನಾಲೊಕ್ಸೋನ್ ಪ್ರಭಾವ ಅರ್ಧದಿಂದ ಒಂದೂವರೆ ಗಂಟೆಯಲ್ಲಿ ಇಳಿಯುತ್ತದೆ, ಮಾರ್ಫಿನ್ ಇನ್ನೂ ಒಳಗಿರುತ್ತದೆ. ಮದ್ಯದ ಭಾಗಕ್ಕಂತೂ ಅದು ಮದ್ದೇ ಅಲ್ಲ. ಆರು ಉಸಿರಿನ ಲೆಕ್ಕ ನೋಡಿ. ಆರೋಗ್ಯವಂತರು ನಿಮಿಷಕ್ಕೆ 14 ಸಲ, ಸುಮಾರು 500 ಮಿಲಿಲೀಟರಿನಂತೆ ಎಳೆಯುತ್ತಾರೆ. ಪ್ರತಿ ಸಲ 150 ಮಿಲಿಲೀಟರ್ ಬರೀ ನಾಳದಲ್ಲೇ ಉಳಿಯುತ್ತದೆ. ಅದನ್ನು ಕಳೆದರೆ ನಿಜವಾಗಿ ಉಪಯೋಗಕ್ಕೆ ಬರುವುದು ನಿಮಿಷಕ್ಕೆ 4.9 ಲೀಟರ್. ಉಸಿರು ಆರಕ್ಕೆ ಇಳಿದು, ಪ್ರತಿಯೊಂದೂ 350 ಮಿಲಿಲೀಟರ್ ಆದರೆ ಸಿಗುವುದು 1.2 ಲೀಟರ್ ಮಾತ್ರ. ಎದೆ ಏರಿಳಿಯುವುದು ಕಾಣುತ್ತಲೇ ಇರುತ್ತದೆ, ಅದೇ ಮೋಸ.

ಹಳಗನ್ನಡದ ವಿದ್ಯಾರ್ಥಿ: ‘ಅಗ್ನಿಮಾಂದ್ಯ’ ಎಂದರೆ ಹಸಿವಿನ ಬೆಂಕಿ ಮಂದವಾಗುವುದು. ಅದೇ ಅಚ್ಚಿನಲ್ಲಿ ‘ಶ್ವಾಸಮಾಂದ್ಯ’ ಮಾಡಬಹುದು. ಡಿಪ್ರೆಶನ್ನಿನ ಮೂಲಾರ್ಥ ಕೆಳಕ್ಕೆ ಒತ್ತುವುದು, ಮನಸ್ಸಿನ ದುಃಖವಲ್ಲ.

ನಿವೃತ್ತ ಶಿಕ್ಷಕಿ: ಅತ್ತಿಗೆಗೆ ‘ಮಾಂದ್ಯ’ ತಿಳಿಯುತ್ತಿರಲಿಲ್ಲ. ‘ಉಸಿರು ಕುಂದುವುದು’ ತಿಳಿಯುತ್ತಿತ್ತು.

ಅರಿವಳಿಕೆ ವೈದ್ಯರು: ‘ಕುಂದುವುದು’ ನನಗೂ ಹಿಡಿಸಿತು. ಒಂದು ಎಚ್ಚರಿಕೆ: ಎಲ್ಲ ಕೆಮ್ಮಿನ ಸಿರಪ್ಪಿನಲ್ಲೂ ಕೊಡೀನ್ ಇರುವುದಿಲ್ಲ, ಚೀಟಿಯಲ್ಲಿ ಔಷಧದ ಹೆಸರು ಸ್ಪಷ್ಟವಾಗಿರಲಿ. ಎಷ್ಟು ಕುಡಿದರೆ ಅಪಾಯವಿಲ್ಲ ಎಂಬ ಗೆರೆಯನ್ನು ಮಾತ್ರ ಹಾಕಬೇಡಿ. ಕೆಲವರ ದೇಹ ಕೊಡೀನನ್ನು ಬಹುಬೇಗ ಮಾರ್ಫಿನ್ ಮಾಡುತ್ತದೆ. ಅಂಥವರಿಗೆ ಮಾಮೂಲಿ ಡೋಸೇ ಹೆಚ್ಚು.

ಪತ್ರಕರ್ತರು: ‘ಕುಂದುವುದು’ ಮೆತ್ತಗಾಯಿತು ಎಂದೇ ನನಗೆ ಅನಿಸುತ್ತದೆ. ಸಾಯಬಹುದು ಎಂಬುದು ಅದರಲ್ಲಿ ಕೇಳಿಸುವುದಿಲ್ಲ.

ನಿಮ್ಮ ಮಾತು ಒಪ್ಪಿ ಹೀಗೆ ತಿದ್ದಿದ್ದೇನೆ: “ಈ ಸಿರಪ್ ತೆಗೆದುಕೊಳ್ಳುವಾಗ ಮದ್ಯ ಸೇವಿಸಬೇಡಿ. ಉಸಿರು ಕುಂದುತ್ತಾ ಹೋಗಿ, ನಿದ್ದೆಯಲ್ಲೇ ನಿಂತುಬಿಡಬಹುದು. ಎಬ್ಬಿಸಿದರೂ ಏಳದೆ ಗೊರಕೆ ಹೊಡೆಯುತ್ತಿದ್ದರೆ ಅದನ್ನು ನಿದ್ದೆ ಎಂದುಕೊಳ್ಳಬೇಡಿ. ಕೂಡಲೇ ಆಂಬ್ಯುಲೆನ್ಸ್ ಕರೆಯಿರಿ.” ಅಮ್ಮನಿಗೆ ಓದಿದೆ. “ಗೊರಕೆ ಹೊಡೆಯೋರನ್ನ ಒಂದ್ಸಲ ಎಬ್ಬಿಸಿ ನೋಡಬೇಕು ಅಂತಾಯ್ತು” ಎಂದರು. ಪದಪಟ್ಟಿಗೆ ‘ಶ್ವಾಸಮಾಂದ್ಯ’ ಸೇರಿಸಬೇಕೋ ಬೇಡವೋ ಎಂಬುದು ಹಾಗೇ ಇದೆ, ಇನ್ನೂ ಯಾರಾದರೂ ಬರೆಯುವುದಿದ್ದರೆ ಬರೆಯಿರಿ.