ಮರದ ಪೀಪಾಯಿಗೆ ಎಷ್ಟು ಲೀಟರ್ ಹಿಡಿಯುತ್ತದೆ? ಲೆಕ್ಕ ತಿಳಿದವರು ಸಹಾಯ ಮಾಡಿ

ಎಲ್ಲರಿಗೂ ನಮಸ್ಕಾರ. ತೋಟದಲ್ಲಿ ಜೀವಾಮೃತ ಮಾಡಲು ಗುಜರಿಯಿಂದ ಒಂದು ಹಳೆಯ ಮರದ ಪೀಪಾಯಿ ತಂದಿದ್ದೇನೆ. 200 ಲೀಟರ್ ಹಿಡಿಯುತ್ತದೋ ಇಲ್ಲವೋ ಅನ್ನುವುದೇ ತಲೆನೋವು.

ಒಳಗಿನ ಅಳತೆ ಹೀಗಿದೆ. ಬಾಯಿ ಮತ್ತು ತಳದ ವ್ಯಾಸ 50 ಸೆಂ.ಮೀ., ಎತ್ತರ 80 ಸೆಂ.ಮೀ. ಹೊಟ್ಟೆಯ ವ್ಯಾಸಕ್ಕೆ ಹೊರಗಿನಿಂದ ಟೇಪ್ ಸುತ್ತಿದೆ, ಸುತ್ತಳತೆ 204 ಬಂತು. ಅದನ್ನು 3.14ರಿಂದ ಭಾಗಿಸಿ, ಎರಡೂ ಕಡೆಯ ಹಲಗೆ ದಪ್ಪ ಒಟ್ಟು 5 ಸೆಂ.ಮೀ. ಕಳೆದರೆ ಸುಮಾರು 60.

ಮೊದಲು ಸುಮ್ನೆ ಸರಾಸರಿ ವ್ಯಾಸ 55 ಹಿಡಿದು ಸಿಲಿಂಡರ್ ಲೆಕ್ಕ ಹಾಕಿದೆ, 190 ಲೀಟರ್ ಬಂತು. ಆಮೇಲೆ ಪರಿಚಯದ ಮೇಷ್ಟ್ರು ಈ ಸೂತ್ರ ಬರೆದುಕೊಟ್ಟರು (D ಹೊಟ್ಟೆ, d ಬಾಯಿ, h ಎತ್ತರ):

```
V = π × h × (2D² + d²) / 12
```

ಇದರಲ್ಲಿ 203 ಲೀಟರ್! ಹದಿಮೂರು ಲೀಟರ್ ವ್ಯತ್ಯಾಸ ಅಂದರೆ ಒಂದು ಬಕೆಟ್ ಹತ್ತಿರ ಅಲ್ವಾ?

ನೀರು ತುಂಬಿಸಿಯೂ ನೋಡಿದೆ. ಒಣಗಿದ ಮರ, ಹಲಗೆಗಳ ಸಂದಿಯಲ್ಲೆಲ್ಲ ಸೋರಿತು. ನೆನೆದು ಉಬ್ಬುವವರೆಗೆ ಆ ಅಳತೆ ನಂಬುವ ಹಾಗಿಲ್ಲ.

ನನಗೆ ಅರ್ಥವಾಗದ್ದು ಇಷ್ಟೇ. ಸೂತ್ರದಲ್ಲಿ ಹೊಟ್ಟೆಯ ವ್ಯಾಸಕ್ಕೆ ಮಾತ್ರ ಎರಡು ಪಾಲು ಯಾಕೆ? ಹಲಗೆ ಬಿಲ್ಲಿನಂತೆ ಬಾಗಿರುವುದಕ್ಕಾ? ನನ್ನ ಪೀಪಾಯಿಯ ಹಲಗೆ ನಡುವಿನಲ್ಲಿ ಮಡಚಿದಂತಿಲ್ಲ, ಮೇಲಿಂದ ಕೆಳಗಿನವರೆಗೂ ನಯವಾಗಿ ಬಾಗಿದೆ. ಹಾಗಿದ್ದರೆ 190 ನಂಬಲೋ, 203 ನಂಬಲೋ?