ಮೋಲ್ಡ್‌ಗೆ ವಾಟರ್‌ಪ್ರೂಫ್ ಲಿಕ್ವಿಡ್ ಹಾಕಿಸಬೇಕಾ? ಅನುಭವ ಇದ್ದವರು ಹೇಳಿ

ಕೇಳಿದವರು (ಮೂಡಿಗೆರೆ ಹತ್ತಿರ):
ಮೇ ತಿಂಗಳಲ್ಲಿ ಮನೆಯ ಮೋಲ್ಡ್ ಹಾಕಿಸ್ತಿದ್ದೇವೆ, ಸುಮಾರು ಸಾವಿರ ಚದರಡಿ. ಮೇಸ್ತ್ರಿ ಮೂಟೆಗೆ 200 ಎಂಎಲ್ ವಾಟರ್‌ಪ್ರೂಫ್ ಲಿಕ್ವಿಡ್ ಹಾಕಿದ್ರೆ ಸೋರೋದೇ ಇಲ್ಲ ಅಂತಾರೆ. ಇಂಜಿನಿಯರ್ ಅದು ಬೇಡ, ಪ್ಲಾಸ್ಟಿಸೈಜರ್ ಹಾಕಿ ಅಂತಾರೆ. ಎರಡೂ ಒಂದೇನಾ? ನಮ್ಮ ಕಡೆ ಮಳೆ ನಿಮಗೆ ಗೊತ್ತಲ್ಲ. ದುಡ್ಡು ಹಾಕಿದ್ದು ಕೆಲಸಕ್ಕೆ ಬರುತ್ತಾ?

ಹಾರ್ಡ್‌ವೇರ್ ಅಂಗಡಿ, ಚಿಕ್ಕಮಗಳೂರು:
ಹಾಕಿಸಿ ಸರ್, ಯೋಚನೆ ಮಾಡಬೇಡಿ. ನಮ್ಮ ಅಂಗಡಿಯಿಂದ ಮಳೆಗಾಲದ ಮುಂಚೆ ಡಬ್ಬ ಡಬ್ಬ ಹೋಗುತ್ತೆ. ನಿಮ್ಮ ಸಾವಿರ ಅಡಿಗೆ 20 ಲೀಟರ್ ಕ್ಯಾನ್ ಒಂದು ಬೇಕಾಗಬಹುದು. ಮಲೆನಾಡಾದ್ದರಿಂದ ಮೂಟೆಗೆ 200 ಬದಲು 400 ಎಂಎಲ್ ಹಾಕಿದರೂ ತೊಂದರೆ ಇಲ್ಲ, ಇನ್ನೂ ಗಟ್ಟಿ.

ಸಕಲೇಶಪುರದ ಗೃಹಿಣಿ:
ಆ 400 ಎಂಎಲ್ ಮಾತು ಕೇಳಬೇಡಿ ಅಣ್ಣ. ನಮ್ಮ ಸಜ್ಜಾ ಮತ್ತು ಅಡುಗೆಮನೆಯ ಮೋಲ್ಡ್ ಹಾಕುವಾಗ ಹುಡುಗ ಅಳತೆ ಇಲ್ಲದೆ ಕ್ಯಾನ್‌ನಿಂದಲೇ ಸುರಿದಿದ್ದ. ಮರುದಿನ ಬೆಳಿಗ್ಗೆ ನೀರು ಕಟ್ಟೋಣ ಅಂತ ಮೇಲೆ ಹತ್ತಿದೆ. ಹೆಬ್ಬೆರಳು ಒತ್ತಿದರೆ ಗುರುತು ಬೀಳುತ್ತಿತ್ತು! ಪಕ್ಕದ ರೂಮಿನದು, ಅದೇ ದಿನ ಹಾಕಿದ್ದು, ಕಲ್ಲಾಗಿತ್ತು. ಮೇಸ್ತ್ರಿ ಮುಖ ಬಿಳಿಚಿಕೊಂಡಿತ್ತು. ಎರಡು ದಿನದ ಮೇಲೆ ಬಿಗಿ ಆಯಿತು. ಸೆಂಟ್ರಿಂಗ್ ಬಿಚ್ಚುವುದನ್ನು ಒಂದು ವಾರ ಮುಂದಕ್ಕೆ ಹಾಕಿದೆವು. ಈಗ ನಾಲ್ಕು ವರ್ಷ ಆಯಿತು, ಏನೂ ಆಗಿಲ್ಲ. ಆದರೆ ಆ ಎರಡು ರಾತ್ರಿ ನಿದ್ದೆ ಬರಲಿಲ್ಲ.

ಹಾಸನದ ಸೈಟ್ ಇಂಜಿನಿಯರ್ (ನಿವೃತ್ತ):
ಅಮ್ಮ ಹೇಳಿದ್ದು ಸರಿ. ಆ ಲಿಕ್ವಿಡ್‌ಗಳಲ್ಲಿ ಹಲವಕ್ಕೆ ಮೂಲ ಲಿಗ್ನೋಸಲ್ಫೋನೇಟ್, ಮರದಿಂದ ಬರುವ ಕಂದು ನೀರು. ಅದು ಸಿಮೆಂಟ್ ಬಿಗಿಯುವುದನ್ನು ನಿಧಾನ ಮಾಡುತ್ತದೆ. ಜಾಸ್ತಿ ಆದರೆ ಮೋಲ್ಡ್ ಮಲಗಿಬಿಡುತ್ತದೆ. ಅಂಥಾ ಸಂದರ್ಭದಲ್ಲಿ ಒದ್ದೆ ಇಟ್ಟು ಕಾಯಬೇಕು, ಸೆಂಟ್ರಿಂಗ್‌ಗೆ ಕೈ ಹಾಕಬಾರದು. ನೀವು ಮಾಡಿದ್ದೂ ಅದೇ.

ಈಗ ಕೇಳಿದವರಿಗೆ. ಡಬ್ಬದ ಹಿಂಭಾಗ ನೋಡಿ. ಐಎಸ್ 2645 ಅಂತಿದ್ದರೆ ವಾಟರ್‌ಪ್ರೂಫ್ ಸರಕು, ಐಎಸ್ 9103 ಅಂತಿದ್ದರೆ ಪ್ಲಾಸ್ಟಿಸೈಜರ್ ಜಾತಿ. ಹೆಸರು ಬೇರೆ ಇದ್ದರೂ ನಿಮ್ಮ ತಾರಸಿಗೆ ಇವುಗಳ ದೊಡ್ಡ ಉಪಕಾರ ಒಂದೇ ಕಡೆ: ಅದೇ ಮೆದುತನಕ್ಕೆ ನೀರು ಕಡಿಮೆ ಸಾಕು. ನೀರು ಕಡಿಮೆ ಮಾಡದಿದ್ದರೆ ಆ ಉಪಕಾರ ಸಿಗುವುದಿಲ್ಲ. ಕಾಂಕ್ರೀಟ್‌ನಲ್ಲಿ ಹೆಚ್ಚಾದ ನೀರು ಒಣಗಿದಾಗ ಹೊರಗೆ ಹೋಗುವ ದಾರಿ ಬಿಟ್ಟುಹೋಗುತ್ತದೆ. ಮಳೆನೀರು ಒಳಗೆ ಬರುವುದೂ ಅದೇ ದಾರಿಯಲ್ಲಿ.

ಲೆಕ್ಕ ಹೇಳುತ್ತೇನೆ. ಸಾಮಾನ್ಯವಾಗಿ 50 ಕೆಜಿ ಮೂಟೆಗೆ 27 ಲೀಟರ್ ಆಸುಪಾಸು ನೀರು ಹಾಕಿದರೆ ಕೆಲಸಕ್ಕೆ ಬರುವ ಮೆದು ಆಗುತ್ತದೆ ಅಂತಿಟ್ಟುಕೊಳ್ಳಿ. ಪ್ಲಾಸ್ಟಿಸೈಜರ್ ಇದ್ದರೆ ಎರಡು ಲೀಟರ್ ಇಳಿಸಿ 25ಕ್ಕೆ ನಿಲ್ಲಿಸಬಹುದು. ಇದರಲ್ಲಿ ಮರಳಿನಲ್ಲಿರುವ ನೀರೂ ಸೇರಿದೆ. ಮೇ ತಿಂಗಳ ಒಂದು ಮಳೆಗೆ ನೆನೆದ ಎಂ-ಸ್ಯಾಂಡ್‌ನಲ್ಲಿ ನೂರಕ್ಕೆ ಐದು ನೀರಿದ್ದರೆ, ಒಂದು ಮೂಟೆಗೆ ಹೋಗುವ 75-80 ಕೆಜಿ ಮರಳು ನಾಲ್ಕು ಲೀಟರ್ ತಂದಿರುತ್ತದೆ. ಅಂದರೆ ಬಕೆಟ್‌ನಿಂದ ಹಾಕಬೇಕಾದ್ದು 21. ಮೇಸ್ತ್ರಿ ಕಣ್ಣಳತೆಯಲ್ಲಿ ಪೈಪ್ ಹಿಡಿದರೆ 32 ಆಗಿರುತ್ತದೆ. ಅಲ್ಲಿಗೆ ನಿಮ್ಮ ಲಿಕ್ವಿಡ್ ದುಡ್ಡು ನೀರಲ್ಲಿ ಹೋಯಿತು.

ಕಡೂರಿನವರು:
ನಮ್ಮದು ಹಳೇ ತಾರಸಿ ಸರ್, ಹದಿನೈದು ವರ್ಷದ್ದು, ಸೋರ್ತಾ ಇದೆ. ಈ ಲಿಕ್ವಿಡ್‌ನೇ ಸಿಮೆಂಟ್ ಹಾಲಿಗೆ ಕಲಸಿ ಮೇಲೆ ಬಳಿದರೆ ನಿಲ್ಲುತ್ತಾ?

ಹಾಸನದ ಸೈಟ್ ಇಂಜಿನಿಯರ್:
ಇಲ್ಲ, ನಿಮ್ಮದು ಬೇರೆ ವಿಷಯ. ಇದು ಕಲಸುವಾಗ ಒಳಗೆ ಹಾಕುವುದು. ಈಗಾಗಲೇ ಬಿರುಕು ಬಿಟ್ಟ ತಾರಸಿಗೆ ಮೇಲೆ ಹಚ್ಚುವ ಕೋಟಿಂಗ್ ಬೇಕು. ಅದಕ್ಕೂ ಮುಂಚೆ ನೀರು ಎಲ್ಲಿ ನಿಲ್ಲುತ್ತೆ, ಇಳಿಜಾರು ಸರಿಯಿದೆಯಾ ನೋಡಿ. ಬೇರೆಯಾಗಿ ಕೇಳಿ, ಹೇಳುತ್ತೇನೆ.

ಮೇಸ್ತ್ರಿ ಮಗ, ಬೇಲೂರು:
ಸಾರ್ ಹೇಳಿದ್ದು ನಾನು ಕಣ್ಣಾರೆ ಕಂಡಿದ್ದೇನೆ. ಒಂದು ಸೈಟಲ್ಲಿ ಪ್ಲಾಸ್ಟಿಸೈಜರ್ ಹಾಕಿದ್ರು, ನೀರು ಮಾತ್ರ ಮೊದಲಿನಷ್ಟೇ. ಮಿಕ್ಸರ್‌ನಿಂದ ಬಾಂಡ್ಲಿಗೆ ಬಿದ್ದಾಗಲೇ ಅಂಬಲಿ ತರ ಹರಿಯುತ್ತಿತ್ತು. ಹುಡುಗರಿಗೆ ಖುಷಿ, ಎಳೆಯೋದು ಸುಲಭ ಅಲ್ವಾ. ಒಂದು ಗಂಟೆಯಲ್ಲಿ ಮೇಲೆ ತಿಳಿನೀರು ನಿಂತಿತು. ಮರುದಿನ ಮೇಲಿನ ಕಂಬಿ ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ಮೇಲೆ ಗೆರೆಗೆರೆ ಬಿರುಕು. ಕಾಂಕ್ರೀಟ್ ಕೆಳಗೆ ಕುಂತಿತ್ತು, ಕಂಬಿ ತಡೆದಿತ್ತು. ಕೆರೆದರೆ ಸುಣ್ಣದ ಪುಡಿ ತರ ಮೇಲ್ಪದರ ಎದ್ದು ಬರುತ್ತಿತ್ತು.

ಒಂದು ಸುಲಭ ಪರೀಕ್ಷೆ ಇದೆ. ಮೊದಲ ಬ್ಯಾಚ್ ಬಂದಾಗ 30 ಸೆಂಟಿಮೀಟರ್ ಎತ್ತರದ ಸ್ಲಂಪ್ ಕೋನ್ ತುಂಬಿ ಎತ್ತಿ. ಗುಡ್ಡ ಎಂಟು-ಹತ್ತು ಸೆಂಟಿಮೀಟರ್ ಕುಸಿದು ನಿಂತರೆ ಸರಿ. ಚೆಲ್ಲಿ ಹರಡಿದರೆ ಮುಂದಿನ ಬ್ಯಾಚ್‌ಗೆ ನೀರು ಕಡಿಮೆ ಮಾಡಿ. ಲಿಕ್ವಿಡ್ ಒಣ ಸಿಮೆಂಟ್ ಮೇಲೆ ಸುರಿಯಬೇಡಿ, ಕೊನೆಯ ಬಕೆಟ್ ನೀರಲ್ಲಿ ಬೆರೆಸಿ ಹಾಕಿ, ಆಮೇಲೆ ಎರಡು ನಿಮಿಷ ತಿರುಗಲಿ.

ಹಾರ್ಡ್‌ವೇರ್ ಅಂಗಡಿ:
ಸರಿ ಸರ್, 400 ಮಾತು ವಾಪಸ್ ತಗೊಂಡೆ. ಆದರೆ ಹಾಕಿದವರ ಮನೆ ಸೋರಿಲ್ಲ ಅನ್ನೋದೂ ನಿಜ.

ಚಿಕ್ಕಮಗಳೂರಿನ ಮನೆ ಮಾಲೀಕರು:
ಹಾಕಿದವರ ಮನೆಯೂ ಸೋರುತ್ತದೆ ಸರ್, ನಮ್ಮದು. ಮೂಟೆಗೆ ಸರಿಯಾಗಿ ಅಳೆದೇ ಹಾಕಿದ್ದೆವು, ನಾನೇ ಲೋಟ ಹಿಡಿದು ನಿಂತಿದ್ದೆ. ಮಧ್ಯಾಹ್ನ ಮಿಕ್ಸರ್ ಕೆಟ್ಟು ಎರಡೂವರೆ ಗಂಟೆ ನಿಂತಿತು. ಜೂನ್‌ನಲ್ಲಿ ಸರಿಯಾಗಿ ಕಾಂಕ್ರೀಟ್ ನಿಂತಿದ್ದ ಆ ಗೆರೆಯಲ್ಲೇ ಒದ್ದೆ, ಹಾಲ್ ಮಧ್ಯದಲ್ಲಿ, ಸ್ಕೇಲ್ ಇಟ್ಟು ಎಳೆದ ಹಾಗೆ. ಬಾಕಿ ಕಡೆ ಒಣಗಿಯೇ ಇದೆ. ಮತ್ತೊಂದು ಜಾಗ ಬಾತ್‌ರೂಮ್ ಪೈಪ್ ಸುತ್ತ. ಮೋಲ್ಡ್ ಆದ ಮೇಲೆ ಒಡೆದು ಪೈಪ್ ತೂರಿಸಿದ್ದರು.

ಹಾಸನದ ಸೈಟ್ ಇಂಜಿನಿಯರ್:
ಅದೇ. ನಾನು ನೋಡಿದ ಸೋರಿಕೆಗಳಲ್ಲಿ ಹೆಚ್ಚಿನವು ಜೋಡಣೆ, ಪೈಪ್ ತೂತು, ಪ್ಯಾರಪೆಟ್ ಬುಡ, ವೈಬ್ರೇಟರ್ ತಲುಪದೆ ಜೇನುಗೂಡಾದ ಮೂಲೆ. ಯಾವ ಲಿಕ್ವಿಡ್ಡೂ ಅಲ್ಲಿ ಬರುವುದಿಲ್ಲ. ಅದಕ್ಕೇ ಮೂಡಿಗೆರೆಯವರಿಗೆ ಹೇಳೋದು: ಐದು ಇಂಚು ದಪ್ಪದ ಸಾವಿರ ಅಡಿಗೆ ಸುಮಾರು 95 ಮೂಟೆ ಬೇಕು, ತೊಲೆ ಬೇರೆ. ಒಂದು ಮೂಟೆ ಮಿಕ್ಸರ್‌ನಲ್ಲಿ ಬ್ಯಾಚ್‌ಗೆ ಐದು ನಿಮಿಷ ಅಂದರೂ ಎಂಟು ಗಂಟೆ. ಇನ್ನೊಂದು ಮಿಕ್ಸರ್ ಬಾಡಿಗೆಗೆ ತಂದಿಡಿ. ಊಟಕ್ಕೆ ಸರದಿಯಲ್ಲಿ ಹೋಗಲಿ.

ನಿಮ್ಮ ಜಾಗದಲ್ಲಿ ನಾನಿದ್ದರೆ ಪ್ಲಾಸ್ಟಿಸೈಜರ್ ಒಂದನ್ನೇ ಆರಿಸುತ್ತೇನೆ. ತೊಲೆ-ಕಂಬ ಸೇರುವಲ್ಲಿ ಕಂಬಿ ಒತ್ತಾಗಿರುತ್ತದೆ, ಅಲ್ಲಿ ಅದು ನಿಜವಾಗಿ ಕೆಲಸಕ್ಕೆ ಬರುತ್ತದೆ. ಎರಡೂ ಒಟ್ಟಿಗೆ ಬೆರೆಸಬೇಡಿ, ಎರಡರ ನಿಧಾನವೂ ಕೂಡಿಕೊಂಡೀತು.

ಬೇಲೂರು ಮೇಸ್ತ್ರಿ ಮಗ:
ನೀರಿನ ಸಂಪ್‌ಗೆ ಮಾತ್ರ ವಾಟರ್‌ಪ್ರೂಫ್ ಬೇಕು ಅಂತಾರೆ ನಮ್ಮಪ್ಪ.

ಹಾಸನದ ಸೈಟ್ ಇಂಜಿನಿಯರ್:
ಅಲ್ಲಿ ನಾನೂ ಒಪ್ಪುತ್ತೇನೆ, ಒಳಗಿನ ಪ್ಲಾಸ್ಟರ್‌ಗೆ. ಗೋಡೆ ಕಾಂಕ್ರೀಟ್‌ಗೆ ಬೇಕಾ ಅನ್ನೋದರಲ್ಲಿ ನಿಮ್ಮಪ್ಪನಿಗೂ ನನಗೂ ಜಗಳ ಆಗಬಹುದು.

ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಮೇಸ್ತ್ರಿಗೆ ಬಕೆಟ್ ಅಳತೆ ಅಂದೆ, "ಮೂವತ್ತು ವರ್ಷದಿಂದ ಕೆಲಸ ಮಾಡ್ತಿದ್ದೀನಿ" ಅಂತ ನಕ್ಕರು. ಬಕೆಟ್‌ಗೆ ಪೇಂಟ್‌ನಲ್ಲಿ ಗೆರೆ ಎಳೆದು ಇಟ್ಟಿದ್ದೇನೆ. ಕ್ಯೂರಿಂಗ್ ಎಷ್ಟು ದಿನ?

ಹಾಸನದ ಸೈಟ್ ಇಂಜಿನಿಯರ್:
ಪಿಪಿಸಿ ಸಿಮೆಂಟ್ ಆದರೆ ಹತ್ತು ದಿನ ಕಡಿಮೆ ಇರಬಾರದು, ಹದಿನಾಲ್ಕು ಆದರೆ ಒಳ್ಳೆಯದು. ಸುತ್ತ ಮಣ್ಣಿನ ಕಟ್ಟೆ ಕಟ್ಟಿ ನೀರು ನಿಲ್ಲಿಸಿ. ಕ್ಯೂರಿಂಗ್ ಮುಗಿಯುವ ಹೊತ್ತಿಗೆ ಕೆಳಗಿನಿಂದ ಟಾರ್ಚ್ ಹಾಕಿ ನೋಡಿ. ಒದ್ದೆ ಕಂಡಲ್ಲಿ ಸೀಮೆಸುಣ್ಣದಲ್ಲಿ ಗುರುತು ಮಾಡಿಡಿ, ಪ್ಲಾಸ್ಟರ್ ಮುಚ್ಚಿಬಿಟ್ಟರೆ ಆಮೇಲೆ ಹುಡುಕೋದು ಕಷ್ಟ.